‘ಚವ’ ಕನ್ನಡಕ್ಕೆ ಬರುವಾಗ: ಅಂಗಡಿಯ ಹೆಸರಿನ ಅನುವಾದ

ಅನುವಾದ ಪತ್ರಿಕೆಯಲ್ಲಿ ನಾವು ಕತೆ, ಕವಿತೆ, ಪ್ರಬಂಧಗಳನ್ನು ಅಭ್ಯಸಿಸುತ್ತೇವೆ. ಒಂದು ಫಲಕದ ಮೇಲಿನ ನಾಲ್ಕಾರು ಪದಗಳನ್ನು ಅನುವಾದಿಸುವುದು ಅವುಗಳ ಮುಂದೆ ಕ್ಷುಲ್ಲಕವೆನಿಸಬಹುದು. ಆದರೆ ಕತೆಯ ಅನುವಾದದಲ್ಲಿ ಒಂದು ಪದ ಎಡವಿದರೆ ಮುಂದಿನ ವಾಕ್ಯ ಅದನ್ನು ಎತ್ತಿ ನಿಲ್ಲಿಸುತ್ತದೆ. ಫಲಕದಲ್ಲಿ ಮುಂದಿನ ವಾಕ್ಯವೇ ಇರುವುದಿಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಸೊಲ್ಲಾಪುರದಲ್ಲಿ ಶೇಂಗಾ ಚಟ್ನಿ, ಖಡಕ್ ಭಾಕರಿ, ಶೇಂಗಾ ಪೋಳಿ ಮಾರುವ ಹೊಸ ಅಂಗಡಿ. ಮರಾಠಿಯಲ್ಲಿ ಅದರ ಹೆಸರು ‘ಚವ’, ಎಂದರೆ ರುಚಿ. ಕೆಳಗಿನ ಸಾಲು, ‘ಆಯೀಚೀ ಮಾಯಾ, ಘರಚೀ ಚವ’. ಅಕ್ಕಲಕೋಟೆ, ಇಂಡಿ, ಆಳಂದ, ಅಫಜಲಪುರದ ಕಡೆಯಿಂದ ಸಂತೆ-ಪೇಟೆಗೆ ಬರುವ ಕನ್ನಡ ಗಿರಾಕಿಗಳಿಗಾಗಿ ಮಾಲೀಕರಿಗೆ ಇದು ಕನ್ನಡದಲ್ಲಿಯೂ ಬೇಕಾಗಿದೆ. 2022ರ ತಿದ್ದುಪಡಿಯ ಅನಂತರ ಮಹಾರಾಷ್ಟ್ರದ ಅಂಗಡಿಗಳ ಫಲಕದಲ್ಲಿ ದೇವನಾಗರಿಯ ಮರಾಠಿ ಇರಲೇಬೇಕು. ಬೇರೆ ಲಿಪಿಯ ಅಕ್ಷರ ಅದಕ್ಕಿಂತ ದೊಡ್ಡದಾಗುವಂತಿಲ್ಲ. ಹೀಗಾಗಿ ಕನ್ನಡ ಸಾಲು ಮರಾಠಿಯ ಪಕ್ಕದಲ್ಲೋ ಕೆಳಗೋ ನಿಲ್ಲುತ್ತದೆ. ಎರಡನ್ನೂ ಬಲ್ಲ ನಮ್ಮ ಜನ ಎರಡನ್ನೂ ಓದಿ ಹೋಲಿಸುತ್ತಾರೆ.

ಮೊದಲು ಹೆಸರು. ಅದನ್ನು ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದರೆ ಆಗದೇ? ಮರಾಠಿಯ ಚಕಾರಕ್ಕೆ ಎರಡು ಉಚ್ಚಾರಗಳಿವೆ. ‘ಆಯೀಚೀ’ ಎಂಬಲ್ಲಿ ನಮ್ಮ ಚಕಾರವೇ ಇದೆ. ‘ಚವ’ ಎಂಬಲ್ಲಿ ಅದು ‘ತ್ಸ’ಕ್ಕೆ ಹತ್ತಿರವಾದ ದಂತ್ಯ ಧ್ವನಿ, ಕೊನೆಯ ಅಕಾರವೂ ಕೇಳಿಸದು. ಕನ್ನಡ ಲಿಪಿ ಈ ಭೇದವನ್ನು ತೋರಿಸುವುದಿಲ್ಲ. ‘ಚವ’ ಎಂದು ಬರೆದರೆ ಓದುವವರು ಕೊನೆಯ ಅಕಾರವನ್ನು ಪೂರ್ಣವಾಗಿ ಉಚ್ಚರಿಸುತ್ತಾರೆ, ಪದ ‘ಶವ’ದ ನೆರೆಗೆ ಬಂದು ನಿಲ್ಲುತ್ತದೆ. ತ್ಸಕಾರವನ್ನು ಸಕಾರವಾಗಿಸಿ ‘ಸವ’ ಎಂದು ಬರೆದರೆ ಇನ್ನೂ ಕಷ್ಟ. ಶಶಿ ಸಸಿಯಾದಂತೆ, ಶಂಕೆ ಸಂಕೆಯಾದಂತೆ, ಶವದ ತದ್ಭವವೇ ‘ಸವ’. ‘ಚವ್’ ಎಂದು ವ್ಯಂಜನಾಂತವಾಗಿ ಬರೆದರೆ ಕನ್ನಡದ ನಾಲಿಗೆ ತಾನಾಗಿ ಉಕಾರವೊಂದನ್ನು ಸೇರಿಸಿ ‘ಚವು’ ಎನ್ನುತ್ತದೆ. ಸೊಲ್ಲಾಪುರದ ಪದ್ಮಸಾಲಿ ನೇಕಾರರ ಮನೆಮಾತು ತೆಲುಗು. ತೆಲುಗಿನಲ್ಲಿ ‘ಚಾವು’ ಎಂದರೆ ಸಾವು. ತಿನಿಸಿನ ಅಂಗಡಿಗೆ ಮೂರು ದಾರಿಗಳಿಂದಲೂ ಮರಣವೇ ಎದುರಾಗುತ್ತದೆ.

ಈ ದೋಷ ಕಾಗದದ ಮೇಲೆ ಸುಲಭವಾಗಿ ಕಾಣುವುದಿಲ್ಲ. ಹೆಸರಿಗೆ ವಿಭಕ್ತಿ ಪ್ರತ್ಯಯ ಹಚ್ಚಿ ನೋಡಬೇಕು. ಗಿರಾಕಿಯ ಬಾಯಲ್ಲಿ ಅಂಗಡಿಯ ಹೆಸರು ಪ್ರಥಮಾ ವಿಭಕ್ತಿಯಲ್ಲಿ ನಿಲ್ಲುವುದು ಅಪರೂಪ. ‘ಚವದ ಚಟ್ನಿ ತಂದೆ’, ‘ಚವಕ್ಕೆ ಹೋಗಿದ್ದೆ’ ಎಂದು ಗಟ್ಟಿಯಾಗಿ ಹೇಳಿಕೊಳ್ಳಿ. ಆಮೇಲೆ ಆ ಹೆಸರನ್ನು ಯಾರೂ ಸಮರ್ಥಿಸಲಾರರು.

ಹಾಗಾದರೆ ಅನುವಾದಿಸಬೇಕು. ‘ರುಚಿ’ ನಿರ್ದೋಷವಾದ ಪದ. ಆದರೆ ಅದು ಎಲ್ಲರ ಬಾಯಲ್ಲಿ ದಿನಬೆಳಗೂ ಓಡಾಡುವ ಪದವಾದ್ದರಿಂದ ಹೆಸರಾಗಿ ನೆನಪಿನಲ್ಲಿ ಉಳಿಯುವುದು ಕಷ್ಟ. ‘ಸವಿ’ ಉತ್ತಮ. ತಮಿಳಿನ ಸುವೈ, ತೆಲುಗಿನ ಚವಿ, ನಮ್ಮ ಸವಿ ಒಂದೇ ಬೇರಿನವು. ಮರಾಠಿಯ ‘ಚವ’ದ ಪಕ್ಕದಲ್ಲಿ ಬರೆದಾಗ ಧ್ವನಿಯೂ ಹೊಂದುತ್ತದೆ. ಸವಿಮಾತು, ಸವಿನೆನಪು ಎಂಬ ಸಮಾಸಗಳೆಲ್ಲ ಶುಭದ ಕಡೆಗೇ ಇವೆ. ಆದರೂ ಒಂದು ಪರೀಕ್ಷೆ ಬಾಕಿ ಇದೆ. ನಮ್ಮ ಆಡುಮಾತಿನಲ್ಲಿ ಪದಾಂತ್ಯದ ಎಕಾರ ಇಕಾರವಾಗುತ್ತದೆ: ಮನೆ ‘ಮನಿ’, ಗೋಡೆ ‘ಗ್ವಾಡಿ’. ಅದರಂತೆ ‘ಸವೆ’ ಎಂಬ ಧಾತುವೂ ‘ಸವಿ’ ಎಂದೇ ಕೇಳಿಸಬಹುದು. ತಿನಿಸಿನ ಅಂಗಡಿಯಲ್ಲಿ ಈ ಅರ್ಥ ಯಾರಿಗೂ ಹೊಳೆಯದು. ಚಪ್ಪಲಿ ಅಂಗಡಿಯಾಗಿದ್ದರೆ ನಾನು ಈ ಹೆಸರನ್ನು ಬೇಡವೆನ್ನುತ್ತಿದ್ದೆ. ಅನಿಷ್ಟ ಸೂಚನೆ ಎಚ್ಚರಗೊಳ್ಳುವುದೂ ಮಲಗಿರುವುದೂ ಮಾರುವ ಸರಕನ್ನು ಅವಲಂಬಿಸಿದೆ.

ಇನ್ನು ಕೆಳಗಿನ ಸಾಲು. ಪದಕ್ಕೆ ಪದವಿಟ್ಟರೆ ‘ತಾಯಿಯ ಮಾಯೆ, ಮನೆಯ ರುಚಿ’ ಎಂದಾಗುತ್ತದೆ. ಮರಾಠಿಯ ನಿತ್ಯದ ಮಾತಿನಲ್ಲಿ ‘ಮಾಯಾ’ ಎಂದರೆ ಮಮತೆ. ಮರಾಠಿಗೂ ವೇದಾಂತದ ಮಾಯೆ ಗೊತ್ತು, ಆದರೆ ತಾಯಿಯ ಜೊತೆಗೆ ಬಂದಾಗ ಅದು ವಾತ್ಸಲ್ಯವೇ. ಕನ್ನಡದ ಮಾಯೆಗೆ ಈ ಮೃದುತ್ವವಿಲ್ಲ. ಅಲ್ಲಮನ ವಚನಗಳನ್ನು, ಚಾಮರಸನ ಪ್ರಭುಲಿಂಗಲೀಲೆಯನ್ನು ಓದಿದವರಿಗೆ ಮಾಯೆ ಎಂದರೆ ಮರುಳುಗೊಳಿಸುವ ಶಕ್ತಿ; ಓದದವರಿಗೆ ಅದು ಮಾಯವಾಗುವುದು, ಮಾಟ-ಮಾಯೆ. ‘ತಾಯಿಯ ಮಾಯೆ’ಯ ಚಟ್ನಿಯನ್ನು ಯಾರೂ ಧೈರ್ಯದಿಂದ ಕೊಳ್ಳಲಾರರು. ರೂಪ ಒಂದೇ ಆಗಿದ್ದು ಅರ್ಥ ಬೇರೆಯಾದ ಇಂಥ ಪದಗಳು ದ್ವಿಭಾಷಿಕರನ್ನೇ ಹೆಚ್ಚು ಕೆಡವುತ್ತವೆ, ಏಕೆಂದರೆ ಅವರಿಗೆ ನಿಘಂಟು ತೆರೆಯಬೇಕೆಂದೇ ಅನಿಸುವುದಿಲ್ಲ.

‘ಆಯಿ’ ಎಂಬುದನ್ನು ಉಳಿಸಿಕೊಳ್ಳಬಹುದೆ? ನಮ್ಮ ಭಾಗದ ಅನೇಕ ಕನ್ನಡ ಮನೆಗಳಲ್ಲಿ ಆಯಿ ಎಂದರೆ ಅಜ್ಜಿ. ‘ಅಮ್ಮ’ ಎಂದರೆ ದಕ್ಷಿಣದ ವಾಸನೆ ಬರುತ್ತದೆ. ಅಲ್ಲದೆ ‘ಅಮ್ಮ ಬಂದಾಳ’ ಎಂದರೆ ಮೈಮೇಲೆ ಸಿಡುಬು-ದಡಾರದ ಗುಳ್ಳೆ ಎದ್ದವು ಎಂದು ಹಿರಿಯರು ತಿಳಿಯುತ್ತಾರೆ. ‘ಅವ್ವ’ ಎಂಬುದೇ ಇಲ್ಲಿಯ ಮಾತು. ಮಾಯೆಯ ಸ್ಥಾನಕ್ಕೆ ‘ಅಂತಃಕರಣ’ ನಮ್ಮ ಕಡೆಯ ಅತ್ಯಂತ ಬೆಚ್ಚನೆಯ ಪದ, ಆದರೆ ವಿಸರ್ಗ ಹೊತ್ತು ಫಲಕದ ಮೇಲೆ ಭಾರವಾಗುತ್ತದೆ. ‘ಅಕ್ಕರೆ’ ಹಗುರ, ‘ಸಕ್ಕರೆ’ಯ ಪ್ರಾಸವನ್ನು ಕಿವಿಯಲ್ಲಿ ಎಬ್ಬಿಸುವುದು ಶೇಂಗಾ ಪೋಳಿಗೆ ಲಾಭವೇ.

‘ಅವ್ವನ ಅಕ್ಕರೆ’ ಎಂಬುದನ್ನು ವೇಗವಾಗಿ ಹೇಳಿ ನೋಡಿ. ಲೋಪಸಂಧಿಯಾಗಿ ‘ಅವ್ವನಕ್ಕರೆ’ ಎಂದಾಗುತ್ತದೆ. ಕೇಳುವವರಿಗೆ ‘ಅವ್ವ ನಕ್ಕರೆ’! ಫಲಕದಲ್ಲಿ ಪದಗಳ ನಡುವೆ ಜಾಗವಿರುವುದರಿಂದ ತೊಂದರೆಯಿಲ್ಲ. ರಿಕ್ಷಾದ ಧ್ವನಿವರ್ಧಕದಲ್ಲಿ ಕೂಗಿಸಿದರೆ ಇದೆ. ಆದರೆ ಇದು ಗ್ರಾಂಥಿಕ ಉಚ್ಚಾರದ ತೊಡಕು. ಅಕ್ಕಲಕೋಟೆಯ ಪೇಟೆಯ ಮಾತಿನಲ್ಲಿ ನಾಮಪದ ‘ಅಕ್ಕರಿ’ ಎಂದಾಗುತ್ತದೆ, ಪಕ್ಷಾರ್ಥಕ ಕ್ರಿಯಾಪದ ‘ನಕ್ಕರ’ ಎಂದಾಗುತ್ತದೆ. ಎರಡೂ ಬೇರೆಯಾಗಿಯೇ ಕೇಳಿಸುತ್ತವೆ. ತಪ್ಪಿ ಕೇಳಿಸಿದರೂ ಆ ಅರ್ಥದಲ್ಲಿ ಅಶುಭವೇನಿಲ್ಲ. ಆದ್ದರಿಂದ ಇದನ್ನು ಉಳಿಸಿಕೊಳ್ಳಬಹುದೆಂದು ನನ್ನ ಅಭಿಪ್ರಾಯ.

ಉತ್ತರಾರ್ಧಕ್ಕೆ ‘ಮನೆಯೂಟದ ಸವಿ’ ಎಂದರೆ ಮಾತ್ರೆಗಳು ಅಚ್ಚುಕಟ್ಟಾಗಿ ಕೂಡುತ್ತವೆ: ಎರಡೂ ಭಾಗಗಳಲ್ಲಿ ಎಂಟೆಂಟು. ಆದರೆ ‘ಮನೆ ಊಟ’ ಖಾನಾವಳಿಗಳ ಮಾತು; ಗಿರಾಕಿ ಬಂದು ತಾಟು ಕೇಳುತ್ತಾನೆ. ಧ್ವನಿಯೂ ಅರ್ಥವೂ ಸರಿಯಿದ್ದು ವ್ಯವಹಾರ ತಪ್ಪುವುದಕ್ಕೆ ಇದು ನಿದರ್ಶನ. ಅದನ್ನು ಬಿಟ್ಟು ‘ಅವ್ವನ ಅಕ್ಕರೆ, ಮನೆಯದೇ ಸವಿ’ ಎಂದರೆ, ಪಾದಾಂತ್ಯದ ಲಘುವನ್ನು ಗುರುವೆಂದು ಎಣಿಸುವ ರೂಢಿಯಂತೆ, ಎಂಟು ಮಾತ್ರೆಗಳೇ ಆಗುತ್ತವೆ. ಮರಾಠಿಯಲ್ಲಿ ಸಾಲಿನ ಕೊನೆಗೆ ಅಂಗಡಿಯ ಹೆಸರು ಮರಳಿ ಬರುವಂತೆ ಇಲ್ಲಿಯೂ ‘ಸವಿ’ ಮರಳಿ ಬರುತ್ತದೆ.

ಫಲಕದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ‘ಗೃಹೋದ್ಯೋಗ’ ಎಂದೂ ಇದೆ ಎನ್ನಿ. ಮರಾಠಿಯ ಉದ್ಯೋಗವೂ ಕನ್ನಡದ ಉದ್ಯೋಗವೂ ಒಂದೇ ಅಲ್ಲ. ಅದನ್ನು ಮುಂದಿನ ತರಗತಿಗೆ ನೀವೇ ಅನುವಾದಿಸಿ, ನಿಮ್ಮ ಮನೆಯಲ್ಲಿ ಮರಾಠಿ ಬಾರದ ಹಿರಿಯರೊಬ್ಬರಿಗೆ ಓದಿ ಹೇಳಿ, ಅವರು ಏನೆಂದು ತಿಳಿದರೆಂಬುದನ್ನು ಅವರ ಮಾತಿನಲ್ಲಿಯೇ ಬರೆದು ತನ್ನಿ.