ಕೋಷ್ಟಕ ಹೇಳಿದಷ್ಟೇ ಬರೆಯಿರಿ

ಕರ್ನಾಟಕದ ಸಾಕ್ಷರತೆಯ ಜನಗಣತಿ ಕೋಷ್ಟಕವನ್ನೇ ನೋಡಿ. 2001ರಲ್ಲಿ ಪುರುಷರದ್ದು ಸುಮಾರು ಶೇ. 76, ಮಹಿಳೆಯರದ್ದು ಶೇ. 57. 2011ಕ್ಕೆ ಅವು ಶೇ. 82 ಮತ್ತು 68.

ವರದಿಗಾರರು ಬರೆಯಬೇಕಾದ್ದು ಇಷ್ಟು: ‘ಎರಡೂ ಏರಿವೆ, ಮಹಿಳೆಯರ ಏರಿಕೆ ಹೆಚ್ಚು, ಅಂತರ 19ರಿಂದ 14 ಅಂಶಗಳಿಗೆ ಇಳಿದಿದೆ, ಆದರೂ ಪುರುಷರೇ ಮುಂದಿದ್ದಾರೆ.’ ಆ ಕೊನೆಯ ಮಾತನ್ನು ಎಷ್ಟೋ ಜನ ಮರೆಯುತ್ತಾರೆ.

ಕೈ ಜಾರುವುದು ಮುಂದಿನ ವಾಕ್ಯದಲ್ಲಿ. ‘ಬಿಸಿಯೂಟದಿಂದಾಗಿ ಮಹಿಳಾ ಸಾಕ್ಷರತೆ ಹೆಚ್ಚಿತು’ ಎಂದು ಲೇಖನಿ ತಾನಾಗಿ ಓಡುತ್ತದೆ. ಅದು ನಿಜವೇ ಇರಬಹುದು, ಆದರೆ ಈ ಕೋಷ್ಟಕದಲ್ಲಿ ಊಟದ ಕಾಲಂ ಇಲ್ಲ. ‘ಇದರಿಂದ’, ‘ಪರಿಣಾಮವಾಗಿ’ ಎಂಬ ಪದ ಬಂದಲ್ಲೆಲ್ಲ ಬೆರಳಿಟ್ಟು, ಆಧಾರ ಯಾವ ಸಾಲಿನಲ್ಲಿದೆ ಎಂದು ಹುಡುಕಬೇಕು. ಸಿಗದಿದ್ದರೆ ವಾಕ್ಯ ಹೊಡೆದುಹಾಕಬೇಕು. ಬೇರೆ ಅಧ್ಯಯನ ಕಾರಣ ಹೇಳಿದ್ದರೆ ಅದರ ಹೆಸರಿನಲ್ಲೇ ಬರೆಯಬೇಕು.