ದಿನದ ಕೊನೆಯ ಶಿಲ್ಕೇ ಲೆಕ್ಕ

ತೊಣ್ಣೂರಿನ ಕಬ್ಬು ಬೆಳೆಗಾರರೊಬ್ಬರ ಉಳಿತಾಯ ಖಾತೆಯ ಪಾಸ್‌ಬುಕ್ಕು ಹೀಗಿದೆ ಅಂದುಕೊಳ್ಳಿ. ಜುಲೈ 1ಕ್ಕೆ ಶಿಲ್ಕು 10,000 ರೂಪಾಯಿ. ಆಗಸ್ಟ್ 11ರಂದು ಕಬ್ಬಿನ ದುಡ್ಡು 40,000 ಜಮೆಯಾಯಿತು. ಸೆಪ್ಟೆಂಬರ್ 10ರಂದು ಗೊಬ್ಬರಕ್ಕೆಂದು 30,000 ತೆಗೆದರು.

ಅಂದರೆ 10,000 ಇದ್ದದ್ದು 41 ದಿನ, 50,000 ಇದ್ದದ್ದು 30 ದಿನ, ಸೆಪ್ಟೆಂಬರ್ ಕೊನೆಯವರೆಗೆ 20,000 ಇದ್ದದ್ದು 21 ದಿನ. ಗುಣಿಸಿ ಕೂಡಿದರೆ 23,30,000. ಬಡ್ಡಿ ಶೇಕಡಾ 3 ಎಂದಾದರೆ ಅದರ ಶೇಕಡಾ 3ನ್ನು 365ರಿಂದ ಭಾಗಿಸಿ: ಸುಮಾರು 191 ರೂಪಾಯಿ 50 ಪೈಸೆ.

2010ರ ಏಪ್ರಿಲ್‌ಗೆ ಮುಂಚೆ ತಿಂಗಳ 10ರಿಂದ ಕೊನೆಯ ದಿನದವರೆಗಿನ ಅತಿ ಕಡಿಮೆ ಶಿಲ್ಕಿಗಷ್ಟೇ ಬಡ್ಡಿ. ಒಂದೇ ದಿನ ತಡವಾಯಿತೆಂದು ಆ 40,000ಕ್ಕೆ ಆಗಸ್ಟಿನಲ್ಲಿ ಬಿಡಿಗಾಸೂ ಹುಟ್ಟುತ್ತಿರಲಿಲ್ಲ. ಮೂರು ತಿಂಗಳಿಗೆ ಸಿಗುತ್ತಿದ್ದದ್ದು 100 ರೂಪಾಯಿ!

ಈಗಲೂ ಒಂದು ಮಾತು: ಬೆಳಿಗ್ಗೆ ಕಟ್ಟಿ ಸಂಜೆಯೊಳಗೆ ತೆಗೆದ ಹಣಕ್ಕೆ ಬಡ್ಡಿಯಿಲ್ಲ.