ಅಪಠಿತ ಗದ್ಯದ ಪ್ರಶ್ನೆಗಳ ಪರಾಮರ್ಶೆ

ಅಪಠಿತ ಗದ್ಯಭಾಗವನ್ನು ಕೊಟ್ಟು, ಪ್ರಶ್ನೆಗಳನ್ನು ಕೇಳಿ, ಅಂಕಗಳನ್ನು ಕೂಡಿಸಿದೊಡನೆ ಪರೀಕ್ಷೆ ಮುಗಿಯಿತೆಂದು ಭಾವಿಸುವುದು ನಮ್ಮಲ್ಲಿ ರೂಢಿ. ಉತ್ತರ ತಪ್ಪಿದರೆ ಮಗು ಓದಲಿಲ್ಲವೆಂದು ಗದರಿದವರಲ್ಲಿ ಈ ಲೇಖಕನೂ ಒಬ್ಬ. ಆದರೆ ತಪ್ಪು ಮಗುವಿನದೋ ಪ್ರಶ್ನೆಯದೋ ಎಂಬುದನ್ನು ಉತ್ತರಪತ್ರಿಕೆಗಳೇ ಹೇಳಬಲ್ಲವು. ಅವುಗಳನ್ನು ಮರಳಿ ಓದುವ ಕ್ರಮಕ್ಕೆ ಪ್ರಶ್ನಾಂಶ ವಿಶ್ಲೇಷಣೆಯೆಂದು ಹೆಸರು.

ಕ್ರಮವು ಸರಳವಾದುದು. ತರಗತಿಯಲ್ಲಿ 40 ಮಕ್ಕಳಿದ್ದಾರೆಂದು ನಿದರ್ಶನಕ್ಕಾಗಿ ಇಟ್ಟುಕೊಳ್ಳೋಣ. ಉತ್ತರಪತ್ರಿಕೆಗಳನ್ನು ಒಟ್ಟು ಅಂಕಗಳ ಇಳಿಕೆಯ ಕ್ರಮದಲ್ಲಿ ಜೋಡಿಸಿ, ಮೇಲಿನ 11 ಮತ್ತು ಕೆಳಗಿನ 11 ಪತ್ರಿಕೆಗಳನ್ನು ಬೇರ್ಪಡಿಸಬೇಕು. ಇದು ನೂರಕ್ಕೆ 27ರ ಪ್ರಮಾಣ; 1939ರಲ್ಲಿ ಕೆಲಿ ಎಂಬ ವಿದ್ವಾಂಸರು ಇದನ್ನು ಸೂಚಿಸಿದರು. ಎರಡು ಗುಂಪುಗಳಲ್ಲಿಯೂ ಸರಿಯುತ್ತರ ಬರೆದವರನ್ನು ಕೂಡಿಸಿ 22ರಿಂದ ಭಾಗಿಸಿದರೆ ಸುಲಭತೆಯ ಸೂಚಿ ದೊರೆಯುತ್ತದೆ. ಮೇಲಿನವರ ಸಂಖ್ಯೆಯಲ್ಲಿ ಕೆಳಗಿನವರ ಸಂಖ್ಯೆಯನ್ನು ಕಳೆದು 11ರಿಂದ ಭಾಗಿಸಿದರೆ ಭೇದನ ಸೂಚಿ, ಎಂದರೆ ಬಲ್ಲವರನ್ನೂ ಅರಿಯದವರನ್ನೂ ಆ ಪ್ರಶ್ನೆಯು ಎಷ್ಟು ಬೇರ್ಪಡಿಸಿತೆಂಬ ಅಳತೆ, ದೊರೆಯುತ್ತದೆ. ಇದು 0.40ನ್ನು ಮೀರಿದರೆ ಪ್ರಶ್ನೆ ಉತ್ತಮ, 0.20ಕ್ಕಿಂತ ಕಡಿಮೆಯಾದರೆ ಶಂಕಾಸ್ಪದ.

ಸದಾ ಹರಿಯುವ ನದಿಯಿಲ್ಲದ ನಮ್ಮ ಸೀಮೆಯ ಕೆರೆಗಳನ್ನು ಕುರಿತು ಉಪಾಧ್ಯಾಯರೊಬ್ಬರು ಒಂದು ಗದ್ಯಭಾಗವನ್ನು ರಚಿಸಿದರೆನ್ನೋಣ. ಏರಿ, ತೂಬು, ಕೋಡಿಗಳ ವರ್ಣನೆ ಅದರಲ್ಲಿದೆ. ಶ್ರೀನಿವಾಸಪುರದ ಮಾವಿನ ತೋಪುಗಳ ಪ್ರಸ್ತಾಪವೂ ಇದೆ. ಅದರ ಮೇಲಣ ಮೂರು ಪ್ರಶ್ನೆಗಳನ್ನು ಪರಿಶೀಲಿಸೋಣ.

ಮೊದಲನೆಯದು: ಶ್ರೀನಿವಾಸಪುರವು ಯಾವ ಹಣ್ಣಿಗೆ ಪ್ರಸಿದ್ಧ? ಮೇಲಿನ 11 ಮಂದಿಯೂ ಕೆಳಗಿನ 10 ಮಂದಿಯೂ ಸರಿಯಾಗಿ ಬರೆದರೆ ಸುಲಭತೆ 0.95, ಭೇದನ 0.09. ಪ್ರಶ್ನೆ ಅತಿ ಸುಲಭ. ಆದರೆ ದೋಷ ಸುಲಭತೆಯೊಂದೇ ಅಲ್ಲ. ಮುಳಬಾಗಿಲಿನ ಮಗುವಾಗಲಿ ಮಾಲೂರಿನ ಮಗುವಾಗಲಿ ಗದ್ಯವನ್ನು ಓದದೆಯೇ ಇದಕ್ಕೆ ಉತ್ತರಿಸಬಲ್ಲುದು. ಇದನ್ನು ಪರೀಕ್ಷಿಸುವ ಉಪಾಯವೂ ಉಂಟು: ಗದ್ಯವನ್ನು ಕೊಡದೆ ಪ್ರಶ್ನೆಗಳನ್ನು ಮಾತ್ರ ಇನ್ನೊಂದು ವಿಭಾಗದ ಮಕ್ಕಳಿಗೆ ಕೊಡುವುದು. ಆಗಲೂ ಬಹುಮಂದಿ ಸರಿಯಾಗಿ ಉತ್ತರಿಸಿದರೆ, ಆ ಪ್ರಶ್ನೆ ಅಳೆಯುವುದು ಗ್ರಹಿಕೆಯನ್ನಲ್ಲ.

ಎರಡನೆಯದು: ಕೆರೆಯ ನೀರು ಹೊರಹೋಗುವ ದಾರಿ ಯಾವುದು? ಆಯ್ಕೆಗಳು ಏರಿ, ತೂಬು, ಕೋಡಿ, ಅಚ್ಚುಕಟ್ಟು. ಉಪಾಧ್ಯಾಯರ ಮನಸ್ಸಿನಲ್ಲಿದ್ದ ಉತ್ತರ ಕೋಡಿ. ಮೇಲಿನವರಲ್ಲಿ 4, ಕೆಳಗಿನವರಲ್ಲಿ 5 ಮಂದಿ ಅದನ್ನು ಆರಿಸಿದರು. ಸುಲಭತೆ 0.41, ನೋಟಕ್ಕೆ ಹದವಾದ ಪ್ರಶ್ನೆಯೇ ಸರಿ. ಭೇದನವಾದರೋ ಸೊನ್ನೆಗಿಂತ ಕೆಳಗಿಳಿದಿದೆ. ಮೇಲಿನವರು ಯಾವ ಆಯ್ಕೆಗೆ ಹೋದರೆಂದು ಎಣಿಸಿದಾಗ ಗುಟ್ಟು ಬಯಲಾಗುತ್ತದೆ: 6 ಮಂದಿ ತೂಬೆಂದು ಬರೆದಿದ್ದಾರೆ. ಅವರದೂ ಸರಿಯೇ! ಗದ್ದೆಗೆ ನೀರು ಹೊರಡುವುದು ತೂಬಿನಿಂದಲೇ ಅಲ್ಲವೆ? ಗಮನವಿಟ್ಟು ಓದಿದವರೇ ಇಲ್ಲಿ ದಂಡ ತೆತ್ತಿದ್ದಾರೆ. ಈ ಸಲ ಎರಡು ಉತ್ತರಗಳಿಗೂ ಅಂಕ ಕೊಡುವುದು ನ್ಯಾಯ. ಮುಂದೆ “ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು” ಎಂದು ತಿದ್ದಿ ಕೇಳಬೇಕು.

ಮೂರನೆಯದು: “ಕೆರೆ ಕೋಡಿಬಿದ್ದಿತು” ಎಂದರೇನು? ಮೇಲಿನವರಲ್ಲಿ 8, ಕೆಳಗಿನವರಲ್ಲಿ 2 ಮಂದಿ “ತುಂಬಿ ಹರಿಯಿತು” ಎಂದರು. ಕೆಳಗಿನ 5 ಮಂದಿ “ಕೋಳಿ ನೀರಿಗೆ ಬಿದ್ದಿತು” ಎಂಬುದನ್ನು ಆರಿಸಿದರು. ನಗುವುದಕ್ಕೆ ಮೊದಲು ನೆನೆಯಬೇಕು: ತೆಲುಗಿನಲ್ಲಿ ಕೋಡಿಯೆಂದರೆ ಕೋಳಿ, ನಮ್ಮ ತಾಲ್ಲೂಕುಗಳ ಎಷ್ಟೋ ಮನೆಗಳ ಮಾತು ತೆಲುಗು. ಸುಲಭತೆ 0.45, ಭೇದನ 0.55. ಅರ್ಧಕ್ಕಿಂತ ಹೆಚ್ಚು ಮಂದಿ ತಪ್ಪಿದರೆಂದು ಇದನ್ನು ತೆಗೆದುಹಾಕುವುದು ಅವಸರ. ಕೆಳಗಿನ ಕೆರೆಗೂ ನೀರು ಸಾಗಿತೆಂದು ಮುಂದಿನ ವಾಕ್ಯದಲ್ಲಿಯೇ ಇದ್ದರೆ, ಸಂದರ್ಭವನ್ನು ಹಿಡಿದು ಓದಿದವರಿಗೆ ಅರ್ಥ ಹೊಳೆಯಬೇಕು. ಆಗ ಪ್ರಶ್ನೆ ಉಳಿಯತಕ್ಕದ್ದು. ಆದರೆ ಇನ್ನೊಂದು ತಾಳೆ ನೋಡುವುದಿದೆ. ಉಳಿದೆಲ್ಲ ಪ್ರಶ್ನೆಗಳಲ್ಲಿ ಜಾಣರಾದ ತೆಲುಗು ಮನೆಯ ಮಕ್ಕಳೂ ಇದೊಂದರಲ್ಲಿ ಕೋಳಿಯನ್ನೇ ಹಿಡಿದಿದ್ದರೆ, ಪ್ರಶ್ನೆಯು ಓದನ್ನಲ್ಲ, ಮನೆಮಾತನ್ನು ಅಳೆದಂತಾಯಿತು. ಆಗ ಕೋಳಿಯ ಆಯ್ಕೆಯನ್ನು ತೆಗೆದು ಬೇರೊಂದನ್ನು ಇಡಬೇಕು.

ಈ ಅಂಕೆಗಳಿಗೂ ಮಿತಿಯುಂಟು. ಗುಂಪಿನಲ್ಲಿ 11 ಮಂದಿಯಿರುವಾಗ ಒಂದು ಮಗುವಿನ ಉತ್ತರ ಬದಲಾದರೂ ಭೇದನವು 0.09ರಷ್ಟು ಸರಿಯುತ್ತದೆ. ಆದುದರಿಂದ ಸೂಚಿಯನ್ನು ತೀರ್ಪೆಂದು ಎಣಿಸದೆ, ಯಾವ ಪ್ರಶ್ನೆಯನ್ನು ಮರಳಿ ಓದಬೇಕೆಂಬ ಸನ್ನೆಯೆಂದು ತಿಳಿಯಬೇಕು. ಮರಳಿ ಓದಿದ ಮೇಲೂ ಸಂಶಯ ಉಳಿದರೆ ತಪ್ಪು ಬರೆದ ಇಬ್ಬರು ಮಕ್ಕಳನ್ನು ಹತ್ತಿರ ಕರೆದು, ಈ ಉತ್ತರವನ್ನು ಏಕೆ ಆರಿಸಿದೆಯೆಂದು ಮೆಲ್ಲನೆ ಕೇಳಬೇಕು. ಕೋಡಿಯು ಕೋಳಿಯಾದ ಬಗೆಯನ್ನು ಯಾವ ಭಾಗಾಕಾರವೂ ತಿಳಿಸದು; ಮಗುವೇ ತಿಳಿಸಬೇಕು.